ದಿನಾ ನುಂಗುವ ಥೈರಾಯ್ಡ್ ಮಾತ್ರೆ ಮೈಯಲ್ಲಿ ಕೂಡುತ್ತಲೇ ಹೋಗುತ್ತದೆಯೇ?

ಪ್ರಶ್ನೆ: ನಮ್ಮ ಅವ್ವಗ ಥೈರಾಯ್ಡ್ ಅದ. ಡಾಕ್ಟರ್ ದಿನಾ 50 ಮೈಕ್ರೋಗ್ರಾಂ ಮಾತ್ರೆ ಬರೆದಾರ, ಆರು ವಾರ ಆದ ಮ್ಯಾಲೆ ರಕ್ತ ಪರೀಕ್ಷೆ ಮಾಡಿಸ್ರಿ ಅಂದಾರ. ಈ ಔಷಧ ಅರ್ಧ ಕಡಿಮೆ ಆಗ್ಲಿಕ್ಕೆ ಒಂದು ವಾರ ಬೇಕಂತ ಓದೀನಿ. ಹಂಗಾದ್ರ ದಿನಾ ನುಂಗಿದ್ರ ಅದು ಮೈಯಾಗ ಕೂಡ್ತಾನೇ ಹೋಗಂಗಿಲ್ಲೇನು? ಆರು ವಾರ ಯಾಕ ಕಾಯಬೇಕು?
– ಪಿಯು ವಿದ್ಯಾರ್ಥಿನಿ, ಆಳಂದ

ಉತ್ತರ: ಕೂಡುತ್ತದೆ ತಂಗಿ, ಆದರೆ ಒಂದು ಮಟ್ಟದವರೆಗೆ ಮಾತ್ರ. ಆ ಮಟ್ಟ ಎಷ್ಟು ಅಂತ ನೀವೇ ಲೆಕ್ಕ ಹಾಕಬಹುದು.

ಈ ಮಾತ್ರೆಯಲ್ಲಿರುವುದು ಲೆವೊಥೈರಾಕ್ಸಿನ್. ಇದರ ಅರ್ಧಾಯು ಸುಮಾರು 7 ದಿನ. ಹಾಗಾದರೆ ಇವತ್ತು ಮೈಯಲ್ಲಿ ಇದ್ದದ್ದರಲ್ಲಿ ನಾಳೆಗೆ ಉಳಿಯುವ ಪಾಲು r = 2^(−1/7), ಅಂದರೆ 0.9057. ದಿನಕ್ಕೆ ನೂರಕ್ಕೆ ಒಂಬತ್ತೂವರೆಯಷ್ಟು ಹೋಗುತ್ತದೆ. ಮೊದಲ ದಿನ 50. ಎರಡನೇ ದಿನ ಉಳಿದ 45ರ ಮೇಲೆ ಹೊಸ 50 ಸೇರಿ 95. ಮೂರನೇ ದಿನ ಸುಮಾರು 136. ಹೀಗೆ n ದಿನದ ಮಾತ್ರೆ ನುಂಗಿದ ಕೂಡಲೇ ಮೈಯಲ್ಲಿರುವುದು ಒಂದು ಗುಣೋತ್ತರ ಶ್ರೇಢಿಯ ಮೊತ್ತ:

50(1 − rⁿ) / (1 − r)

ಇಲ್ಲಿ r ಒಂದಕ್ಕಿಂತ ಕಡಿಮೆ. n ಬೆಳೆದಂತೆ rⁿ ಸೊನ್ನೆಗೆ ಹತ್ತಿರ ಹೋಗುತ್ತದೆ. ಆಗ ಉಳಿಯುವ ಲಿಮಿಟ್ 50 / 0.0943, ಸುಮಾರು 530 ಮೈಕ್ರೋಗ್ರಾಂ. ಅಲ್ಲಿಗೇ ಯಾಕೆ ನಿಲ್ಲಬೇಕು? ಮೈಯಲ್ಲಿ ಎಷ್ಟು ಜಾಸ್ತಿ ಔಷಧ ಇರುತ್ತದೋ, ದಿನಕ್ಕೆ ಅಷ್ಟು ಜಾಸ್ತಿ ಹೊರಗೆ ಹೋಗುತ್ತದೆ. 530ರಲ್ಲಿ ಒಂದು ದಿನಕ್ಕೆ ಹೋಗುವುದು ಸರಿಯಾಗಿ 50. ಬರುವುದೂ 50. ಇನ್ನು ಏರಲು ಜಾಗವಿಲ್ಲ.

ಈಗ ಆರು ವಾರದ ಮಾತು. rⁿ ಒಂದು ವಾರಕ್ಕೆ ಅರ್ಧವಾಗುತ್ತದೆ, ಎರಡು ವಾರಕ್ಕೆ ಕಾಲು ಭಾಗವಾಗುತ್ತದೆ. ಹಾಗಾಗಿ ಮೊದಲ ವಾರ ಮುಗಿದಾಗ 265, ಎರಡನೇ ವಾರಕ್ಕೆ 398, ಮೂರಕ್ಕೆ 464. ಆರು ವಾರಕ್ಕೆ 522, ಅಂದರೆ ಲಿಮಿಟ್‌ನ ನೂರಕ್ಕೆ 98ಕ್ಕಿಂತ ಜಾಸ್ತಿ. ಇದರ ಜೊತೆಗೆ ಪರೀಕ್ಷೆಯಲ್ಲಿ ನೋಡುವ ಟಿಎಸ್ಎಚ್, ಅಂದರೆ ಥೈರಾಯ್ಡ್ ಕಡಿಮೆಯಾದಾಗ ಏರುವ ಹಾರ್ಮೋನು, ಕೂಡ ನಿಧಾನವಾಗಿ ಬದಲಾಗುತ್ತದೆ. ಎರಡೇ ವಾರಕ್ಕೆ ರಕ್ತ ಕೊಟ್ಟರೆ ಇನ್ನೂ ಏರುತ್ತಿರುವ ಮಟ್ಟವನ್ನು ನೋಡಿ "ಡೋಸ್ ಸಾಲದು" ಅಂತ ತಪ್ಪು ತಿಳಿಯುವ ಅಪಾಯವಿದೆ.

ಬೇಗ ಗುಣವಾಗಲಿ ಅಂತ ದಿನಾ ಎರಡು ಮಾತ್ರೆ ನುಂಗುವವರನ್ನು ನೋಡಿದ್ದೇನೆ. ದಯವಿಟ್ಟು ಅವ್ವನಿಗೆ ಹಾಗೆ ಮಾಡಲು ಬಿಡಬೇಡಿ. ಡೋಸ್ ಎರಡು ಪಟ್ಟಾದರೆ ಲಿಮಿಟ್ 1060ಕ್ಕೆ ಏರುತ್ತದೆ, ಆದರೆ ಅಲ್ಲಿಗೆ ಮುಟ್ಟುವ ಕಾಲ ಒಂದು ದಿನವೂ ಕಡಿಮೆಯಾಗುವುದಿಲ್ಲ. ಕಾಲವನ್ನು ನಿರ್ಧರಿಸುವುದು ಅರ್ಧಾಯು ಮಾತ್ರ. ಒಂದು ವಾರಕ್ಕೆ ಚೆನ್ನಾಗಿದೆ ಅನ್ನಿಸಿದರೂ ಔಷಧ ಮುಂದೆ ಏರುತ್ತಲೇ ಇರುತ್ತದೆ. ಎದೆ ಡವಡವ, ಕೈ ನಡುಕ, ನಿದ್ದೆ ಬಾರದಿರುವುದು ಆಮೇಲೆ ಶುರುವಾಗುತ್ತವೆ. ವಯಸ್ಸಾದವರ ಹೃದಯಕ್ಕೆ ಇದು ಒಳ್ಳೆಯದಲ್ಲ.

ಇನ್ನೊಂದು ಮಾತು. ನಾನು 50 ಪೂರ್ತಿ ರಕ್ತಕ್ಕೆ ಸೇರುತ್ತದೆ ಅಂತ ಹಿಡಿದೆ. ನಿಜಕ್ಕೂ ಖಾಲಿ ಹೊಟ್ಟೆಯಲ್ಲಿ ಸೇರುವುದು ನೂರಕ್ಕೆ 70–80. ಚಹಾದ ಜೊತೆಗೇ ನುಂಗಿದರೆ, ಇಲ್ಲವೇ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಜೊತೆ ನುಂಗಿದರೆ ಇನ್ನೂ ಕಡಿಮೆ. ಆಗ ಲಿಮಿಟ್ ಕೂಡ ಅದೇ ಪ್ರಮಾಣದಲ್ಲಿ ಕೆಳಗಿಳಿಯುತ್ತದೆ, ಎಷ್ಟು ವಾರ ಕಾದರೂ ಮೇಲೇರುವುದಿಲ್ಲ. ಬೆಳಗ್ಗೆ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಚಹಾ ಕುಡಿಯಲಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ ಇರಲಿ.

ಈ ಲೆಕ್ಕ ನಿಂತಿರುವುದು ಒಂದು ಷರತ್ತಿನ ಮೇಲೆ: ದಿನವೂ ಅದೇ ಪಾಲು ಹೊರಗೆ ಹೋಗಬೇಕು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಹೀಗಲ್ಲ. ಅದನ್ನು ಕರಗಿಸುವ ಲಿವರ್‌ಗೆ ದಿನಕ್ಕೆ ಇಷ್ಟೇ ಅನ್ನುವ ತಾಕತ್ತಿದೆ. ಡೋಸ್ ಅದನ್ನು ದಾಟಿದರೆ ಲಿಮಿಟ್ ಅನ್ನುವುದೇ ಇರುವುದಿಲ್ಲ, ಮಟ್ಟ ಏರುತ್ತಲೇ ಹೋಗುತ್ತದೆ. ಕಣ್ಣುಗುಡ್ಡೆ ಅದುರುವುದು, ನಡೆಯುವಾಗ ತೂರಾಡುವುದು ಅದರ ಗುರುತು. ಅವ್ವನ ಮಾತ್ರೆಗೆ ಆ ಭಯ ಇಲ್ಲ. ಆದರೆ ಅದರ ಅರ್ಧಾಯು ಎಲ್ಲರಲ್ಲೂ ಒಂದೇ ಅಲ್ಲ. ಥೈರಾಯ್ಡ್ ತುಂಬಾ ಕಡಿಮೆ ಇರುವವರಲ್ಲಿ 9–10 ದಿನವೂ ಆಗುತ್ತದೆ. ಅಂಥವರಿಗೆ ಎಂಟು ವಾರಕ್ಕೆ ಪರೀಕ್ಷೆ ಮಾಡಿದರೆ ಇನ್ನೂ ಸರಿ.

ಒಂದು ದಿನ ಮರೆತರೆ 530 ಇರಬೇಕಾದಲ್ಲಿ 480 ಇರುತ್ತದೆ, ಅಷ್ಟೇ. ಆದರೆ ತಿಂಗಳಿಡೀ ಬಿಟ್ಟು, ಪರೀಕ್ಷೆಗೆ ಮುಂಚೆ ಒಂದೇ ವಾರ ಸರಿಯಾಗಿ ನುಂಗಿದರೆ ಅದು ಪತ್ತೆಯಾಗುತ್ತದೆ. ಆಗ ರಕ್ತದಲ್ಲಿ ಟಿ4, ಅಂದರೆ ಥೈರಾಕ್ಸಿನ್ ಮಟ್ಟ, ಸರಿಯಾಗಿದ್ದರೂ ಟಿಎಸ್ಎಚ್ ಎತ್ತರದಲ್ಲೇ ಇರುತ್ತದೆ. ಪರೀಕ್ಷೆಗೆ ಕಲಬುರಗಿಗೆ ಬರುವ ದಿನ ಬೆಳಗಿನ ಮಾತ್ರೆಯನ್ನು ಜೊತೆಗೆ ತನ್ನಿ, ರಕ್ತ ಕೊಟ್ಟ ಮೇಲೆ ನುಂಗಲಿ. ನುಂಗಿದ ಮೇಲೆ ಕೆಲವು ಗಂಟೆ ಟಿ4 ಸುಮ್ನೆ ಸ್ವಲ್ಪ ಏರಿ ಕಾಣುತ್ತದೆ.