ಮೊದಲು ಫೋನ್ ಬರಲಿ, ಹೆಸರು ಆಮೇಲೆ

“ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಹೊಸದಾಗಿ ಶುರುವಾಗುವ ಹೊಲಿಗೆ ತರಗತಿಗೆ ರೇಡಿಯೊ ಸ್ಕ್ರಿಪ್ಟ್ ಬರೆದಿದ್ದೇನೆ, 30 ಸೆಕೆಂಡಿನದು. ನನ್ನ ಮೊದಲ ಕ್ಯಾಂಪೇನ್. ಇದು ಅವೇರ್‌ನೆಸ್ ಆಗಬೇಕಾ, ಡೈರೆಕ್ಟ್ ರೆಸ್ಪಾನ್ಸ್ ಆಗಬೇಕಾ?”

ಡೈರೆಕ್ಟ್ ರೆಸ್ಪಾನ್ಸೇ ಆಗಬೇಕು, ಅಂದರೆ ಕೇಳಿದವರು ಕೂಡಲೇ ಫೋನ್ ಮಾಡುವಂತಿರಬೇಕು. ಅವೇರ್‌ನೆಸ್ ಎಂದರೆ ಹೆಸರು ನೆನಪಿನಲ್ಲಿ ಉಳಿದರೆ ಸಾಕು. ನೀವು ಕಳಿಸಿರುವುದು ಎರಡೂ ಅಲ್ಲ. ಅಜ್ಜಿಯ ಹೊಲಿಗೆ ಮಷಿನ್ನಿನ ನೆನಪಿಗೆ 22 ಸೆಕೆಂಡ್ ಕೊಟ್ಟು, ಕೊನೆಗೆ ಫೋನ್ ನಂಬರನ್ನು ಒಂದೇ ಸಲ ಓಡಿಸಿದ್ದೀರಿ. ಅಡುಗೆ ಮಾಡುತ್ತಾ ಕೇಳುವವರು ಅದನ್ನು ಬರೆದುಕೊಳ್ಳುವುದು ಹೇಗೆ?

ಮಂಡಕ್ಕಿ ಮಸಾಲೆಯ ಪೊಟ್ಟಣಕ್ಕಾದರೆ ಆ ಅಜ್ಜಿ ಸರಿಹೋಗುತ್ತಿದ್ದಳು. ಅಲ್ಲಿ ಕೇಳಿದವರು ಈಗಲೇ ಏನೂ ಮಾಡಬೇಕಿಲ್ಲ. ಮುಂದೆ ಎಂದೋ ಅಂಗಡಿಯಲ್ಲಿ ನಿಂತಾಗ ಹೆಸರು ಬಾಯಿಗೆ ಬಂದರೆ ಸಾಕು. ಅದಕ್ಕೇ ಅವೇರ್‌ನೆಸ್ ಸ್ಕ್ರಿಪ್ಟಿನಲ್ಲಿ ಹೆಸರು ಬೇಗ ಬರಬೇಕು, ನಂಬರ್ ಬೇಡ, ಅದೇ ದನಿ ಅದೇ ಸಾಲು ತಿಂಗಳುಗಟ್ಟಲೆ ಕೇಳಿಸುತ್ತಿರಬೇಕು. ಅಷ್ಟು ದಿನ ಓಡಿಸುವ ದುಡ್ಡು ಹೊಸ ತರಗತಿಯವರ ಹತ್ತಿರ ಇರುವುದು ಕಷ್ಟ. ಇನ್ನೊಂದು ತೊಂದರೆ ನಿಮ್ಮದೇ: ಬರೆದದ್ದು ಕೆಲಸ ಮಾಡಿತೋ ಇಲ್ಲವೋ ಎಂಬುದು ಬೇಗ ಗೊತ್ತಾಗುವುದಿಲ್ಲ. ಡೈರೆಕ್ಟ್ ರೆಸ್ಪಾನ್ಸಿನಲ್ಲಿ ವಾರದೊಳಗೆ ಕರೆಗಳನ್ನು ಎಣಿಸಿ ತಿದ್ದಬಹುದು.

ಕೊನೆಯ 10 ಸೆಕೆಂಡನ್ನು ನಂಬರಿಗೆ ಮೀಸಲಿಡಿ. ಐದೈದು ಅಂಕಿಯಾಗಿ ಬಿಡಿಸಿ, ಎರಡು ಸಲ ಹೇಳಿಸಿ. ಉಳಿದ 20 ಸೆಕೆಂಡಿಗೆ ಹೀಗೆ ಬರೆಯಬಹುದು:

“ನಿಮ್ಮ ಬ್ಲೌಸ್ ನೀವೇ ಹೊಲಿದುಕೊಳ್ಳುವ ಆಸೆಯಾ? ಅಳತೆ, ಕಟಿಂಗ್, ಹೊಲಿಗೆ, ಮೂರು ತಿಂಗಳಲ್ಲಿ ಕಲಿಯಿರಿ. ಪಿ.ಜೆ. ಬಡಾವಣೆಯಲ್ಲಿ, ಮಧ್ಯಾಹ್ನ ಎರಡರಿಂದ ನಾಲ್ಕು. ಫೀಸು ನಾಲ್ಕೂವರೆ ಸಾವಿರ. ಮಷಿನ್ ಹನ್ನೆರಡೇ, ಸೀಟೂ ಹನ್ನೆರಡೇ. ಸೋಮವಾರದೊಳಗೆ ಫೋನ್ ಮಾಡಿ.”

ಫೀಸು, ಸಮಯ, ಮಷಿನ್ ಲೆಕ್ಕ ನಾವು ಊಹಿಸಿದ್ದು, ನಿಜವಾದದ್ದನ್ನು ಹಾಕಿಕೊಳ್ಳಿ. ‘ಸೀಟು ಕಡಿಮೆ’ ಎಂದಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ. ಮಷಿನ್ ಲೆಕ್ಕ ಹೇಳಿದರೆ ಕಾರಣ ಕಣ್ಣಿಗೆ ಕಾಣುತ್ತದೆ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ. 20 ಸೆಕೆಂಡ್ ದಾಟಿದರೆ ಪದ ಕಡಿಮೆ ಮಾಡಿ, ಓದುವ ವೇಗ ಹೆಚ್ಚಿಸಬೇಡಿ.

ರೇಡಿಯೊಗೆಂದೇ ಬೇರೆ ಸಿಮ್ ಇಡಿಸಿ, ಇಲ್ಲದಿದ್ದರೆ ಕರಪತ್ರ ನೋಡಿ ಮಾಡಿದ ಕರೆಯೂ ಅದರ ಲೆಕ್ಕಕ್ಕೇ ಸೇರಿಬಿಡುತ್ತದೆ. ಜಾಹೀರಾತಿಗೆ 6,000 ರೂಪಾಯಿ ಖರ್ಚಾಗಿ 40 ಕರೆ ಬಂದು 6 ಜನ ಸೇರಿದರು ಅನ್ನಿ. ಒಬ್ಬರನ್ನು ಸೇರಿಸಲು ಸಾವಿರ ರೂಪಾಯಿ ಬಿತ್ತು. ನಾಲ್ಕೂವರೆ ಸಾವಿರ ಫೀಸಿಗೆ ಇದು ತಾಳುತ್ತದೋ ಎಂದು ಮಾಲೀಕರನ್ನೇ ಕೇಳಿ. ಕರೆಯೇ ಬರದಿದ್ದರೆ ಮೊದಲ ಸಾಲನ್ನೋ ಪ್ರಸಾರದ ಹೊತ್ತನ್ನೋ ಬದಲಿಸಿ, ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಎಲ್ಲಿತ್ತೆಂದು ತಿಳಿಯುವುದಿಲ್ಲ. ಕರೆ ಬಂದೂ ಯಾರೂ ಸೇರದಿದ್ದರೆ, ಕೇಳುವವರ ಮೊದಲ ಪ್ರಶ್ನೆಯನ್ನು ಬರೆದಿಡಲು ಹೇಳಿ. ಎಲ್ಲರೂ “ಸಂಜೆ ಬ್ಯಾಚ್ ಇಲ್ವಾ?” ಎಂದೇ ಕೇಳುತ್ತಿದ್ದರೆ ತಿದ್ದಬೇಕಾದದ್ದು ತರಗತಿಯ ಸಮಯವನ್ನು.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಆ ಫೋನ್ ಎತ್ತುವವರು ಯಾರು ಎಂಬುದನ್ನು ರೆಕಾರ್ಡಿಂಗಿಗೆ ಮೊದಲೇ ಕೇಳಿಕೊಳ್ಳಿ. ಕಲಿಸುವವರ ಕೈ ಆಗ ಬಟ್ಟೆಯ ಮೇಲಿರುತ್ತದೆ.