ವರ್ಕ್‌ಶೀಟಿನ ಪ್ರಶ್ನೆಗೆ ಎರಡು ಸರಿ ಉತ್ತರ ಬಂದಾಗ

"ಒಂಬತ್ತನೇ ತರಗತಿಯ ಇಂಗ್ಲಿಷ್ ಪತ್ರಿಕೆಗೆ ಶಬ್ದಗಳ ವರ್ಕ್‌ಶೀಟ್ ಮಾಡಿದ್ದೇನೆ. ಒಂದೇ ಪದದಲ್ಲಿ ಹೇಳುವುದು, ಸಮಾನಾರ್ಥಕ, ವಿರುದ್ಧಾರ್ಥಕ ಮೂರೂ ಇವೆ. ಮಕ್ಕಳ ಕೆಲವು ಉತ್ತರಗಳು ನನ್ನ ಕೀ ಉತ್ತರಕ್ಕೆ ಹೊಂದುವುದಿಲ್ಲ, ಆದರೆ ತಪ್ಪು ಎನ್ನಲು ಮನಸ್ಸು ಒಪ್ಪುತ್ತಿಲ್ಲ. 'ಫೇರ್' ಪದದ ವಿರುದ್ಧ ಪದ 'ಅನ್‌ಫೇರ್' ಎಂದು ನಾನು ಬರೆದುಕೊಂಡಿದ್ದೆ, ಇಬ್ಬರು 'ಡಾರ್ಕ್' ಎಂದಿದ್ದಾರೆ. ಏನು ಮಾಡಲಿ?"

'ಡಾರ್ಕ್' ಎಂದು ಬರೆದ ಇಬ್ಬರಿಗೂ ಪೂರ್ಣ ಅಂಕ ಕೊಡಿ. ಅವರ ಉತ್ತರ ಸರಿಯಾಗಿಯೇ ಇದೆ, ತಿದ್ದಬೇಕಾದದ್ದು ಪ್ರಶ್ನೆಯನ್ನು. 'ಫೇರ್' ಎಂಬ ಪದವನ್ನು ಒಂಟಿಯಾಗಿ ಕೊಟ್ಟರೆ ಅದಕ್ಕೆ ವಿರುದ್ಧ ಪದ ಇಂಥದ್ದೇ ಎಂದು ಯಾರೂ ಹೇಳಲಾರರು. ತೀರ್ಪಿನ ವಿಷಯದಲ್ಲಿ ಅದರ ವಿರುದ್ಧ 'ಅನ್‌ಫೇರ್' ಅಥವಾ 'ಬಯಾಸ್ಡ್'. ಕೂದಲಿನ ಅಥವಾ ಮೈಬಣ್ಣದ ವಿಷಯದಲ್ಲಿ 'ಡಾರ್ಕ್'. ಹವೆಯ ವಿಷಯದಲ್ಲಿ 'ಫೌಲ್'. ಕೊನೆಯದಾಗಿ ಬರೆದು ಒಪ್ಪಿಸುವ ಪ್ರತಿಯನ್ನು 'ಫೇರ್ ಕಾಪಿ' ಎನ್ನುತ್ತೇವಲ್ಲ, ಅಲ್ಲಿ ವಿರುದ್ಧ ಪದ 'ರಫ್'. ಈ ನಾಲ್ಕರಲ್ಲಿ ಯಾವುದನ್ನು ಕೇಳುತ್ತಿದ್ದೇವೆ ಎಂಬುದು ಪ್ರಶ್ನೆ ಬರೆದವರ ಮನಸ್ಸಿನಲ್ಲಿ ಮಾತ್ರ ಇದ್ದು ಕಾಗದದ ಮೇಲೆ ಇಲ್ಲದಿದ್ದರೆ, ಮಗು ತನಗೆ ಮೊದಲು ಹೊಳೆದ ಅರ್ಥವನ್ನು ಹಿಡಿಯುತ್ತದೆ, ಮತ್ತು ಹಾಗೆ ಹಿಡಿದದ್ದಕ್ಕೆ ಅದನ್ನು ದೂಷಿಸುವಂತಿಲ್ಲ.

ಆದ್ದರಿಂದ ಪದವನ್ನು ಒಂದು ಚಿಕ್ಕ ವಾಕ್ಯದೊಳಗೆ ಇಟ್ಟು, ಅದರ ಕೆಳಗೆ ಗೆರೆ ಎಳೆದು ಕೇಳಿ. ನಿಮ್ಮದೇ ಪದವನ್ನು ತೆಗೆದುಕೊಳ್ಳೋಣ. 'ಬೋತ್ ಟೀಮ್ಸ್ ಫೆಲ್ಟ್ ದಟ್ ದಿ ರೆಫರೀಸ್ ಡಿಸಿಷನ್ ವಾಸ್ ಫೇರ್' ಎಂದು ಬರೆದರೆ ಬಣ್ಣ, ಹವೆ, ಪ್ರತಿ ಎಲ್ಲವೂ ಹೊರಗೆ ಹೋಗಿ ತೀರ್ಪಿನ ಅರ್ಥ ಒಂದೇ ಉಳಿಯುತ್ತದೆ. ಆಯ್ಕೆಗಳನ್ನು ಕೊಡುವುದಾದರೆ 'ಬಯಾಸ್ಡ್, ಡಾರ್ಕ್, ರಫ್, ಜಸ್ಟ್' ಎಂದು ಕೊಡಬಹುದು. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಕೆಲಸವಿದೆ. 'ಡಾರ್ಕ್' ಮತ್ತು 'ರಫ್' ಎರಡೂ ಬೇರೆ ಸಂದರ್ಭದಲ್ಲಿ ನಿಜವಾಗಿಯೂ 'ಫೇರ್' ಪದದ ವಿರುದ್ಧ ಪದಗಳೇ ಆಗಿರುವುದರಿಂದ, ಪಟ್ಟಿಯನ್ನು ಬಾಯಿಪಾಠ ಮಾಡಿ ವಾಕ್ಯವನ್ನು ಓದದೆ ಗುರುತು ಹಾಕುವವರು ಅಲ್ಲಿ ಸಿಕ್ಕಿಬೀಳುತ್ತಾರೆ. 'ಜಸ್ಟ್' ಎಂಬುದು ಸಮಾನಾರ್ಥಕ ಪದ. ಪ್ರಶ್ನೆ ವಿರುದ್ಧ ಪದವನ್ನು ಕೇಳುತ್ತಿದೆ ಎಂಬುದನ್ನು ಗಮನಿಸದವರು ಅದನ್ನು ಆರಿಸುತ್ತಾರೆ. ಹೀಗೆ ತಪ್ಪು ಉತ್ತರವನ್ನು ನೋಡಿದೊಡನೆ ಮಗು ಎಲ್ಲಿ ಎಡವಿತು ಎಂಬುದು ನಿಮಗೆ ತಿಳಿಯುತ್ತದೆ. ಒಂದು ಎಚ್ಚರಿಕೆ: 'ಫೌಲ್' ಪದವನ್ನು ಈ ಪ್ರಶ್ನೆಯ ಆಯ್ಕೆಗಳಲ್ಲಿ ಸೇರಿಸಬೇಡಿ. ಆಟದ ಸಂದರ್ಭದಲ್ಲಿ ನಿಯಮ ಮೀರುವುದಕ್ಕೂ ಅದೇ ಪದ ಬಳಕೆಯಲ್ಲಿರುವುದರಿಂದ ಮಗು ವಾದಕ್ಕೆ ನಿಂತರೆ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಇದೇ ಪ್ರಶ್ನೆಗೆ ಇಲ್ಲಿ ಉತ್ತರಿಸಿದವರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಬರೆದಿರುವ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ: ಗೆರೆ ಎಳೆದ ಪದ ಗುಣವಾಚಕವಾಗಿದ್ದರೆ ನಾಲ್ಕು ಆಯ್ಕೆಗಳೂ ಗುಣವಾಚಕಗಳೇ ಆಗಿರಬೇಕು, ಇಲ್ಲವಾದರೆ ಅರ್ಥ ಗೊತ್ತಿಲ್ಲದವರೂ ರೂಪ ನೋಡಿ ಊಹಿಸುತ್ತಾರೆ. ಆದರೆ ವಾಕ್ಯ ಕೊಟ್ಟರೆ ಶಬ್ದಜ್ಞಾನದ ಪರೀಕ್ಷೆ ಓದುವ ವೇಗದ ಪರೀಕ್ಷೆಯಾಗಿಬಿಡುತ್ತದೆ ಎಂಬ ಅವರ ಆತಂಕಕ್ಕೆ ನನ್ನಲ್ಲಿ ಅರ್ಧ ಪರಿಹಾರ ಮಾತ್ರ ಇದೆ. ವಾಕ್ಯ ಹತ್ತು ಪದಗಳ ಆಸುಪಾಸಿನಲ್ಲಿರಲಿ, ಮತ್ತು ಗೆರೆ ಎಳೆದ ಪದವೊಂದನ್ನು ಬಿಟ್ಟು ಉಳಿದೆಲ್ಲ ಪದಗಳು ಮಕ್ಕಳಿಗೆ ಎರಡು ಮೂರು ವರ್ಷಗಳಿಂದ ಪರಿಚಯವಿರುವಂಥವಾಗಿರಲಿ. ಅಷ್ಟು ಮಾಡಿದರೂ ನಿಧಾನವಾಗಿ ಓದುವ ಮಗುವಿಗೆ ಸ್ವಲ್ಪ ಭಾರ ಬೀಳುತ್ತದೆ ಎಂಬುದು ನಿಜ. ಅರ್ಥ ಒಂದೇ ಇರುವ 'ಏನ್ಷಿಯಂಟ್' ಅಥವಾ 'ಅರೈವಲ್' ನಂತಹ ಪದಗಳನ್ನು ವಾಕ್ಯವಿಲ್ಲದೆ ಕೇಳಬಹುದು ಎಂದು ಅವರು ಹೇಳಿದರೆ ನಾನು ಹಟ ಹಿಡಿಯುವುದಿಲ್ಲ.

'ಅನ್, ಇನ್, ಡಿಸ್ ಸೇರಿಸಿದರೆ ವಿರುದ್ಧ ಪದ ಬರುತ್ತದೆ, ಮಕ್ಕಳಿಗೆ ಇಷ್ಟೇ ಹೇಳಿಕೊಡಿ' ಎಂದು ಬರೆದಿರುವ ಸ್ನೇಹಿತರ ಮಾತು ಅರ್ಧ ಸರಿ. 'ರೆಗ್ಯುಲರ್' ಪದಕ್ಕೆ 'ಇರ್ರೆಗ್ಯುಲರ್', 'ಲೀಗಲ್' ಪದಕ್ಕೆ 'ಇಲ್ಲೀಗಲ್', 'ಪಾಸಿಬಲ್' ಪದಕ್ಕೆ 'ಇಂಪಾಸಿಬಲ್' ಎಂಬ ಕ್ರಮವನ್ನು ಖಂಡಿತ ಕಲಿಸಬೇಕು. ಪದದ ಮೊದಲ ಅಕ್ಷರ ಆರ್, ಎಲ್, ಪಿ ಆಗಿರುವುದರಿಂದ 'ಇನ್' ತನ್ನ ರೂಪವನ್ನು ಬದಲಿಸಿಕೊಂಡಿದೆ ಎಂದು ತೋರಿಸಿದರೆ ಅವರಿಗೆ ಬೇಗ ನೆನಪಿನಲ್ಲಿ ಉಳಿಯುತ್ತದೆ. ಆದರೆ ಇದನ್ನು ನಿಯಮವೆಂದು ಒಪ್ಪಿಸಿದ ಮೇಲೆ ಅದೇ ಮಕ್ಕಳು 'ವ್ಯಾಲ್ಯುಬಲ್' ಪದಕ್ಕೆ 'ಇನ್‌ವ್ಯಾಲ್ಯುಬಲ್' ಎಂದು ಬರೆಯುತ್ತಾರೆ. ಅದರ ಅರ್ಥ ಬೆಲೆಯಿಲ್ಲದ್ದು ಎಂದಲ್ಲ, ಬೆಲೆ ಕಟ್ಟಲಾಗದಷ್ಟು ಅಮೂಲ್ಯವಾದದ್ದು; ವಿರುದ್ಧ ಪದ 'ವರ್ತ್‌ಲೆಸ್'. 'ಫ್ಲೇಮಬಲ್' ಮತ್ತು 'ಇನ್‌ಫ್ಲೇಮಬಲ್' ಎರಡಕ್ಕೂ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು ಎಂಬ ಒಂದೇ ಅರ್ಥವಿದೆ, ಮತ್ತು ಇದನ್ನು ತಪ್ಪಾಗಿ ತಿಳಿದರೆ ಅಂಕಕ್ಕಿಂತ ದೊಡ್ಡ ಅಪಾಯವಿದೆ. 'ಇನ್‌ಫೇಮಸ್' ಎಂದರೆ ಅಪರಿಚಿತ ಎಂದಲ್ಲ, ಕುಖ್ಯಾತ. ಈ ಮೂರನ್ನು ವರ್ಕ್‌ಶೀಟಿನಲ್ಲಿ ಬೇಕೆಂದೇ ಇಡಿ, ಆದರೆ ಮೊದಲು ತರಗತಿಯಲ್ಲಿ ಚರ್ಚಿಸಿದ ನಂತರ ಮಾತ್ರ.

ಸಮಾನಾರ್ಥಕಗಳಲ್ಲಿ ಬರುವ ತೊಂದರೆ ಬೇರೆ ಬಗೆಯದು. ಅಲ್ಲಿ ಅರ್ಥ ಒಂದೇ ಇದ್ದರೂ ಪದದಲ್ಲಿರುವ ಮೆಚ್ಚುಗೆ ಅಥವಾ ನಿಂದೆ ಬೇರೆಯಾಗಿರುತ್ತದೆ. 'ಫ್ರೂಗಲ್' ಪದವನ್ನು ಕೇಳಿ 'ಥ್ರಿಫ್ಟಿ' ಮತ್ತು 'ಸ್ಟಿಂಜಿ' ಎರಡನ್ನೂ ಆಯ್ಕೆಯಲ್ಲಿ ಕೊಟ್ಟಿರುವ ಹಾಳೆಗಳನ್ನು ನಾನು ಹಲವು ಬಾರಿ ನೋಡಿದ್ದೇನೆ. ಮೊದಲನೆಯದು ದುಂದು ಮಾಡದ ಮಿತವ್ಯಯಿಗೆ, ಎರಡನೆಯದು ಕೈ ಬಿಚ್ಚದ ಜಿಪುಣನಿಗೆ ಹೇಳುವ ಮಾತು. ವಾಕ್ಯವಿಲ್ಲದಿದ್ದರೆ ಮಕ್ಕಳು ಎರಡರಲ್ಲಿ ಒಂದನ್ನು ಕಣ್ಣು ಮುಚ್ಚಿ ಆರಿಸುತ್ತಾರೆ. 'ಹರ್ ಫ್ರೂಗಲ್ ಹ್ಯಾಬಿಟ್ಸ್ ಹೆಲ್ಪ್ಡ್ ಹರ್ ಸೇವ್ ಮನಿ' ಎಂದು ಬರೆದರೂ ಸಾಲದು, ಏಕೆಂದರೆ ಜಿಪುಣತನದಿಂದಲೂ ಹಣ ಉಳಿಯುತ್ತದೆ. ಆಕೆಯ ಆ ಅಭ್ಯಾಸವನ್ನು ಎಲ್ಲರೂ ಮೆಚ್ಚುತ್ತಿದ್ದರು ಎಂಬ ಸೂಚನೆ ವಾಕ್ಯದಲ್ಲಿ ಬಂದಾಗ ಮಾತ್ರ 'ಸ್ಟಿಂಜಿ' ಹೊರಗೆ ಬೀಳುತ್ತದೆ. 'ಹರ್ ನೇಬರ್ಸ್ ಅಡ್ಮೈರ್ಡ್ ಹರ್ ಫ್ರೂಗಲ್ ಹ್ಯಾಬಿಟ್ಸ್' ಎಂಬ ಚಿಕ್ಕ ವಾಕ್ಯ ಆ ಕೆಲಸವನ್ನು ಮಾಡುತ್ತದೆ. ಪ್ರತಿಯೊಂದು ಆಯ್ಕೆಯನ್ನೂ ಗೆರೆ ಎಳೆದ ಪದದ ಜಾಗದಲ್ಲಿ ಇಟ್ಟು ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಿ. ಎರಡು ಆಯ್ಕೆಗಳು ಒಪ್ಪಿಗೆಯಾದರೆ ಆಯ್ಕೆಯನ್ನಾದರೂ ವಾಕ್ಯವನ್ನಾದರೂ ಬದಲಿಸಬೇಕು.

ಒಂದೇ ಪದದಲ್ಲಿ ಹೇಳುವ ಪ್ರಶ್ನೆಗಳಲ್ಲಿ ವಿವರಣೆಯ ರೂಪವೇ ಉತ್ತರದ ರೂಪವನ್ನು ನಿರ್ಧರಿಸುತ್ತದೆ. 'ಯಾವಾಗಲೂ ಒಳ್ಳೆಯದನ್ನೇ ನಿರೀಕ್ಷಿಸುವುದು' ಎಂಬರ್ಥದ ವಿವರಣೆ ಕೊಟ್ಟು 'ಆಪ್ಟಿಮಿಸ್ಟ್' ಉತ್ತರವನ್ನು ನಿರೀಕ್ಷಿಸಬಾರದು. ಆ ವಿವರಣೆಗೆ ಹೊಂದುವುದು 'ಆಪ್ಟಿಮಿಸಂ'. ವ್ಯಕ್ತಿ ಬೇಕಿದ್ದರೆ 'ಎ ಪರ್ಸನ್ ಹೂ' ಎಂದೇ ಆರಂಭಿಸಿ, ಗುಣವಾಚಕ ಬೇಕಿದ್ದರೆ 'ದಟ್ ವಿಚ್ ಕೆನಾಟ್ ಬಿ' ಎಂಬ ರೀತಿಯಲ್ಲಿ ಬರೆಯಿರಿ. ಬಿಟ್ಟ ಸ್ಥಳ ತುಂಬುವ ವಾಕ್ಯ ಕೊಡುವುದಾದರೆ ಬಿಟ್ಟ ಜಾಗದ ಹಿಂದಿನ 'ಎ' ಅಥವಾ 'ಆ್ಯನ್' ಕಡೆಗೆ ಗಮನವಿರಲಿ. 'ಹಿ ಈಸ್ ಆ್ಯನ್' ಎಂದು ಬರೆದು ಆಯ್ಕೆಯಲ್ಲಿ 'ಆಪ್ಟಿಮಿಸ್ಟ್' ಮತ್ತು 'ಪೆಸಿಮಿಸ್ಟ್' ಇಟ್ಟರೆ ಅರ್ಥ ಗೊತ್ತಿಲ್ಲದ ಮಗುವಿಗೂ ಉತ್ತರ ಸಿಕ್ಕಿಬಿಡುತ್ತದೆ.

ಸಡಿಲವಾದ ವಿವರಣೆ ಇನ್ನೊಂದು ಕಡೆಯಿಂದ ಕಾಡುತ್ತದೆ. ಹಲವು ಭಾಷೆಗಳನ್ನು ಬಲ್ಲವರು ಎಂದು ಕೇಳಿದರೆ ಕೀಯಲ್ಲಿ 'ಪಾಲಿಗ್ಲಾಟ್' ಇರುತ್ತದೆ, ಮಗು 'ಲಿಂಗ್ವಿಸ್ಟ್' ಎಂದು ಬರೆಯುತ್ತದೆ. ನಿಘಂಟುಗಳು ಭಾಷಾವಿಜ್ಞಾನಿ ಎಂಬ ಅರ್ಥದ ಜೊತೆಗೆ ಹಲವು ಭಾಷೆಗಳಲ್ಲಿ ನುರಿತವರು ಎಂಬ ಅರ್ಥವನ್ನೂ ಆ ಪದಕ್ಕೆ ಕೊಡುವುದರಿಂದ ಅದನ್ನು ತಪ್ಪು ಎನ್ನಲಾಗದು. ಇಂಥ ಕಡೆ ನಾನು ಎರಡನ್ನೂ ಕೀಯಲ್ಲಿ ಮೊದಲೇ ಬರೆದಿಡುತ್ತೇನೆ. ಹಾಗೆಯೇ ಸ್ಪಷ್ಟವಾಗಿ ಓದಲಾಗದ ಕೈಬರಹಕ್ಕೆ 'ಇಲ್ಲೆಜಿಬಲ್' ಉತ್ತರ ಬೇಕಿದ್ದರೆ ವಿವರಣೆಯಲ್ಲಿ ಕೈಬರಹ ಎಂಬ ಮಾತು ಇರಲೇಬೇಕು. ಬರೀ 'ಓದಲಾಗದ್ದು' ಎಂದರೆ ಬೇಸರ ತರಿಸುವ ಪುಸ್ತಕವನ್ನು ನೆನೆದು 'ಅನ್‌ರೀಡಬಲ್' ಎಂದು ಬರೆದ ಮಗುವೂ ಸರಿಯೇ.

ಪದಮೂಲದಿಂದ ಊಹಿಸುವುದನ್ನು ಕಲಿಸಿ ಎಂಬ ಸಲಹೆಯೂ ಇಲ್ಲಿ ಬಂದಿದೆ. ಅದು ಒಳ್ಳೆಯ ಸಲಹೆ, ಆದರೆ ಒಂದು ಕಡೆ ಮಕ್ಕಳು ತಪ್ಪದೆ ಜಾರುತ್ತಾರೆ. 'ಪೆಡೆಸ್ಟ್ರಿಯನ್' ಮತ್ತು 'ಪೆಡಲ್' ಪದಗಳ ಮೊದಲ ಭಾಗ ಕಾಲು ಎಂಬರ್ಥದ ಲ್ಯಾಟಿನ್ ಮೂಲದ್ದು. 'ಪೀಡಿಯಾಟ್ರಿಷನ್' ಪದದ ಮೊದಲ ಭಾಗ ಮಗು ಎಂಬರ್ಥದ ಗ್ರೀಕ್ ಮೂಲದ್ದು. ಅಮೆರಿಕದ ಕಾಗುಣಿತದಲ್ಲಿ ಎರಡೂ ಪಿ, ಇ, ಡಿ ಎಂದೇ ಆರಂಭವಾಗುವುದರಿಂದ ಮಕ್ಕಳ ವೈದ್ಯರನ್ನು ಪಾದದ ವೈದ್ಯರೆಂದು ಊಹಿಸುವವರಿದ್ದಾರೆ. ಬ್ರಿಟಿಷ್ ಕಾಗುಣಿತದಲ್ಲಿ 'ಪೀಡಿಯಾಟ್ರಿಷನ್' ಪದದ ಪಿ ನಂತರ ಎ ಮತ್ತು ಇ ಎರಡೂ ಬರುತ್ತವೆ. ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ ಗೊಂದಲ ಅಲ್ಲಿಗೇ ತೀರುತ್ತದೆ.

ತಮ್ಮ ಮಗನಿಗೆ ಅರ್ಥವೆಲ್ಲ ಗೊತ್ತಿದ್ದರೂ ಕಾಗುಣಿತ ತಪ್ಪಿ ಅಂಕ ಹೋಗುತ್ತಿದೆ ಎಂದು ಬರೆದಿರುವ ತಾಯಿಯವರೇ, ನಿಮ್ಮ ಪ್ರಶ್ನೆ ಬೇರೆಯಾದರೂ ಇದೇ ಹಾಳೆಗೆ ಅನ್ವಯಿಸುತ್ತದೆ. ಆಯ್ಕೆ ಕೊಟ್ಟು ಕೇಳುವ ಪ್ರಶ್ನೆಯಲ್ಲಿ ಆ ತೊಂದರೆಯೇ ಇಲ್ಲ. ಬರೆಯಬೇಕಾದ ಕಡೆ ಅರ್ಥಕ್ಕೆ ಎಷ್ಟು, ಕಾಗುಣಿತಕ್ಕೆ ಎಷ್ಟು ಎಂಬುದನ್ನು ಹಾಳೆಯ ಮೇಲೆಯೇ ನಮೂದಿಸಿರಬೇಕು. ಅರ್ಧ ಅಂಕ ಕೊಡಬೇಕೇ ಬೇಡವೇ ಎಂಬ ಬಗ್ಗೆ ಅಧ್ಯಾಪಕರಲ್ಲಿ ಒಮ್ಮತವಿಲ್ಲ. ಓದಿದರೆ ಪದ ಯಾವುದೆಂದು ತಿಳಿಯುವಂತಿದ್ದು ಬೇರೊಂದು ಪದವಾಗಿ ಬದಲಾಗದಿದ್ದರೆ ನಾನು ಕೊಡುತ್ತೇನೆ. 'ಇಮಿಗ್ರಂಟ್' ಬರೆಯಬೇಕಾದ ಕಡೆ 'ಎಮಿಗ್ರಂಟ್' ಎಂದು ಬರೆದರೆ ಕೊಡುವುದಿಲ್ಲ, ಏಕೆಂದರೆ ಒಂದು ದೇಶಕ್ಕೆ ನೆಲೆಸಲು ಬಂದವರು ದೇಶ ಬಿಟ್ಟು ಹೋದವರಾಗಿಬಿಡುತ್ತಾರೆ.

ಹಾಳೆಯನ್ನು ಮುದ್ರಿಸುವ ಮೊದಲು ಕೀ ತೋರಿಸದೆ ಇನ್ನೊಬ್ಬ ಅಧ್ಯಾಪಕರಿಂದ ಉತ್ತರ ಬರೆಸಿ. ಅವರ ಉತ್ತರ ನಿಮ್ಮದಕ್ಕಿಂತ ಬೇರೆಯಾದ ಪ್ರಶ್ನೆಗಳನ್ನೆಲ್ಲ ಮತ್ತೊಮ್ಮೆ ನೋಡಿ. ತಿದ್ದಿದ ನಂತರವೂ ಒಂದು ಪರೀಕ್ಷೆ ಉಳಿದಿದೆ: ಉಳಿದ ಪ್ರಶ್ನೆಗಳಲ್ಲಿ ಚೆನ್ನಾಗಿ ಮಾಡಿದ ಮಕ್ಕಳು ಒಂದೇ ಪ್ರಶ್ನೆಯಲ್ಲಿ, ಅದೂ ಒಂದೇ ಬಗೆಯ 'ತಪ್ಪು' ಉತ್ತರ ಬರೆದಿದ್ದರೆ, ಬಹುಮಟ್ಟಿಗೆ ಅದು ಎರಡನೆಯ ಸರಿ ಉತ್ತರವಾಗಿರುತ್ತದೆ. ನಿಮಗೆ 'ಡಾರ್ಕ್' ಬರೆದ ಆ ಇಬ್ಬರು ಉಳಿದ ವಿರುದ್ಧ ಪದಗಳನ್ನು ಹೇಗೆ ಬರೆದಿದ್ದಾರೆ ಎಂಬುದನ್ನು ನೋಡಿ ತಿಳಿಸಿ; ಸಾಧ್ಯವಾದರೆ ನಿಮ್ಮ ಸಮಾನಾರ್ಥಕಗಳ ಭಾಗವನ್ನೂ ಇಲ್ಲಿ ಹಾಕಿ, ವಾಕ್ಯಗಳನ್ನು ಒಟ್ಟಿಗೆ ಕೂಡಿಸೋಣ.