ಹೊಸ ವೈದ್ಯೆಯ ಮೊದಲ ರಾತ್ರಿ ಡ್ಯೂಟಿಗೆ ಒಂದು ಕಥಾವಸ್ತು

ಪ್ರಶ್ನೆ: ವೈದ್ಯಕೀಯ ಮಾನವಿಕ ಸಂಕಲನವೊಂದಕ್ಕೆ ಸಣ್ಣ ಕಥೆ ಬರೆಯುತ್ತಿದ್ದೇನೆ. ಹೊಸ ವೈದ್ಯೆಯೊಬ್ಬಳ ಮೊದಲ ರಾತ್ರಿ ಡ್ಯೂಟಿ, ಒದ್ದಾಡುತ್ತಿರುವ ಒಬ್ಬ ರೋಗಿ. ಅಂಥ ರಾತ್ರಿ ವಾರ್ಡಿನಲ್ಲಿ ನಿಜಕ್ಕೂ ಏನು ನಡೆಯುತ್ತದೆ?

ನಾನು ವಿಜಯಪುರದಲ್ಲಿ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹೊಸಬರ ಕಥೆಗಳಲ್ಲಿ ಸಾಮಾನ್ಯವಾಗಿ ಅಪಘಾತ, ರಕ್ತ, ಸಾವು ಬರುತ್ತವೆ. ಆದರೆ ಅಂಥ ಹೊತ್ತಿನಲ್ಲಿ ಹಿರಿಯರು ಓಡಿ ಬರುವುದರಿಂದ ಇಂಟರ್ನ್ ಒಬ್ಬಳೇ ಉಳಿಯುವುದಿಲ್ಲ. ಅವಳು ನಿಜವಾಗಿ ಒಂಟಿಯಾಗುವುದು ನಡುರಾತ್ರಿ, ಯಾರಿಗೂ ತುರ್ತು ಎನಿಸದ ಒಬ್ಬ ಮುದುಕನ ಮುಂದೆ. ಹಲವು ರಾತ್ರಿಗಳಲ್ಲಿ ಕಂಡದ್ದನ್ನು ಕೂಡಿಸಿ ಒಂದು ಪ್ರಸಂಗ ಹೇಳುತ್ತೇನೆ.

ಇಂಡಿ ಕಡೆಯ ರೈತ, ಎಪ್ಪತ್ತು ದಾಟಿದವರು. ಮಧ್ಯಾಹ್ನ ಬೆನ್ನಿಗೆ ಅರಿವಳಿಕೆ ಕೊಟ್ಟು ಹರ್ನಿಯಾ ಶಸ್ತ್ರಚಿಕಿತ್ಸೆ ಮಾಡಿದ್ದಾರೆ. ಸಂಜೆ ಮೈ ತುರಿಸುತ್ತದೆ ಎಂದದ್ದಕ್ಕೆ ಫೆನಿರಮಿನ್ ಇಂಜೆಕ್ಷನ್ ಹಾಕಿದ್ದಾರೆ. ರಾತ್ರಿ ಎರಡರ ಸುಮಾರಿಗೆ ಅಜ್ಜ ಸಲೈನ್ ಸೂಜಿ ಕಿತ್ತೆಸೆದು, ಮಂಚದ ಕಂಬಿ ದಾಟಲು ನೋಡುತ್ತ, "ಒಡ್ಡ ಒಡದೈತಿ, ನೀರೆಲ್ಲಾ ಹೊಂಟೈತಿ, ಬಿಡ್ರಿ ನನ್ನ" ಎಂದು ಕೂಗುತ್ತಾರೆ. ಮಗನನ್ನೂ ಗುರುತಿಸುವುದಿಲ್ಲ. ಪಕ್ಕದ ಮಂಚದವರು ಗೊಣಗುತ್ತಾರೆ. ಸಿಸ್ಟರ್ ಹೇಳುತ್ತಾರೆ: "ನಿದ್ದಿ ಇಂಜೆಕ್ಷನ್ ಬರದಕೊಡ್ರಿ ಮೇಡಂ, ಮುಂಜಾನಿತನಾ ಮಲಗ್ತಾರ." ಅದು ಕೆಟ್ಟ ಮನಸ್ಸಿನ ಮಾತಲ್ಲ, ನಲವತ್ತು ರೋಗಿಗಳನ್ನು ಇಬ್ಬರೇ ನೋಡಿಕೊಳ್ಳುತ್ತಿರುವವರ ಮಾತು.

ನಿಮ್ಮ ಕಥೆ ತಿರುಗುವುದು ಇಲ್ಲಿಯೇ. ನೆಟ್ಟಗಿದ್ದ ವೃದ್ಧರು ಕೆಲವೇ ಗಂಟೆಗಳಲ್ಲಿ ಹೀಗೆ ದಿಕ್ಕುತಪ್ಪಿದರೆ ಅದನ್ನು ಡೆಲಿರಿಯಂ ಎನ್ನುತ್ತೇವೆ. ಅದು ಹುಚ್ಚಲ್ಲ, ದೇಹದಲ್ಲಿ ಏನೋ ಕೆಟ್ಟಿದೆ ಎಂಬ ಸೂಚನೆ. ಹುಡುಗಿ ಪಾಠದ ಕ್ರಮದಲ್ಲಿ ಹೊರಡಲಿ: ಆಮ್ಲಜನಕದ ಪ್ರಮಾಣ, ಗ್ಲುಕೋಮೀಟರಿನಲ್ಲಿ ಸಕ್ಕರೆ, ಜ್ವರ, ರಕ್ತದೊತ್ತಡ, ಗಾಯದ ಪಟ್ಟಿಯಲ್ಲಿ ರಕ್ತ ಇದೆಯೇ ಎಂಬುದು. ಎಲ್ಲವೂ ಸರಿಯಾಗಿಯೇ ಇವೆ, ನಾಡಿ ಮಾತ್ರ 110. ಮೂತ್ರ ಹೋಗಿದೆಯೇ ಎಂದು ಕೇಳಿದರೆ ಮಗ ನೇರವಾಗಿ ಹೇಳುತ್ತಾನೆ: "ಹೋಗೈತ್ರಿ, ಧೋತ್ರ ಎಲ್ಲಾ ಒದ್ದಿ ಆಗೈತಿ."

ಆ ಉತ್ತರವೇ ದಾರಿ ತಪ್ಪಿಸುವಂಥದ್ದು. ಮೂತ್ರಕೋಶ ಉಕ್ಕುವಷ್ಟು ತುಂಬಿದಾಗ ಹನಿಹನಿಯಾಗಿ ಸೋರಿ ಬಟ್ಟೆ ಒದ್ದೆಯಾಗುತ್ತದೆ, ಒಳಗಿನದು ಹಾಗೆಯೇ ನಿಲ್ಲುತ್ತದೆ. ಬೆನ್ನಿನ ಅರಿವಳಿಕೆ ಮೂತ್ರಕೋಶದ ಸಂವೇದನೆಯನ್ನು ಗಂಟೆಗಟ್ಟಲೆ ಮಂಕು ಮಾಡುತ್ತದೆ. ಈ ವಯಸ್ಸಿನ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೊದಲೇ ದಾರಿ ಇಕ್ಕಟ್ಟಾಗಿರುತ್ತದೆ. ತುರಿಕೆಯ ಆ ಇಂಜೆಕ್ಷನ್ ಮೂತ್ರಕೋಶದ ಸ್ನಾಯು ಹಿಂಡುವುದನ್ನು ತಡೆಯುವುದಲ್ಲದೆ ವೃದ್ಧರ ಬುದ್ಧಿಯನ್ನೂ ಕದಡಬಲ್ಲದು. ರಂಪ ಮಾಡುವವರಿಗೆ ವಾರ್ಡುಗಳಲ್ಲಿ ರೂಢಿಯಿಂದ ಕೊಡುವ ಪ್ರೊಮೆಥಜಿನ್ ಕೂಡ ಇದೇ ಗುಣದ ಔಷಧಿ. ಅಂದರೆ ಸಿಸ್ಟರ್ ಕೇಳಿದ್ದು ಅದೇ ಆಗಿದ್ದರೆ ಅಜ್ಜ ಸುಮ್ಮನಾಗುತ್ತಿದ್ದರು, ಮೂತ್ರಕೋಶ ಮಾತ್ರ ಇನ್ನೂ ಹಿಗ್ಗುತ್ತಿತ್ತು.

ಅವಳು ಹೊಟ್ಟೆಯ ಮೇಲೆ ಕೈಯಿಡಲಿ. ಹೊಕ್ಕುಳಿನ ಕೆಳಗೆ ಗುಂಡಗೆ, ಬಿಗಿಯಾಗಿ ಸಿಗುತ್ತದೆ. ಬೆರಳಿಟ್ಟು ತಟ್ಟಿದರೆ ಟೊಳ್ಳು ದನಿ ಬರದೆ ಮಂದವಾದ ದನಿ ಬರುತ್ತದೆ. ಒತ್ತಿದರೆ ಅಜ್ಜನ ಕೂಗು ಜೋರಾಗುತ್ತದೆ. ಅವಳಿಗಿಂತ ಹಿರಿಯರಾದ, ಸ್ನಾತಕೋತ್ತರ ಓದುತ್ತಿರುವ ಪಿಜಿ ವೈದ್ಯರು ಆಪರೇಷನ್ ಥಿಯೇಟರಿನಲ್ಲಿದ್ದಾರೆ. ಫೋನಿನಲ್ಲಿ "ಪೇಷಂಟ್ ಗಲಾಟೆ ಮಾಡ್ತಿದ್ದಾರೆ ಸರ್" ಎಂದರೆ ನಿದ್ದೆಯ ಔಷಧಿಯೇ ಉತ್ತರವಾಗಿ ಬರುತ್ತದೆ, "ಹರ್ನಿಯಾ ಆದ ಅಜ್ಜ, ಮೂತ್ರಕೋಶ ಹೊಕ್ಕುಳಿನವರೆಗೆ ಸಿಗುತ್ತಿದೆ, ಕ್ಯಾತಿಟರ್ ಹಾಕಲೇ?" ಎಂದು ಮೂತ್ರ ಹೊರತೆಗೆಯುವ ಕೊಳವೆಗೆ ಅನುಮತಿ ಕೇಳಿದರೆ ಒಂದೇ ಶಬ್ದದಲ್ಲಿ ಒಪ್ಪಿಗೆ ಸಿಗುತ್ತದೆ. ಈ ಎರಡು ವಾಕ್ಯಗಳ ನಡುವಿನ ಅಂತರವನ್ನು ನೀವು ಕಥೆಯಲ್ಲಿ ಬಳಸಿಕೊಳ್ಳಬಹುದು.

ಮುಂದಿನದು ಕೈಯ ಕೆಲಸ. ಸಿಸ್ಟರ್ ಪರದೆ ಎಳೆದು, ಮುಜುಗರದಲ್ಲಿ ನಿಂತ ಮಗನನ್ನು ತಂದೆಯ ತಲೆಯ ಬಳಿ ಕೂರಿಸುತ್ತಾರೆ. ಅರಿವಳಿಕೆಯ ಜೆಲ್ ಹಾಕಿ ಐದು ನಿಮಿಷ ಕಾಯಬೇಕು, ಹೊಸಬರು ಅವಸರ ಮಾಡುವುದು ಆಗಲೇ. 16ನೇ ಅಳತೆಯ ಫೋಲೀಸ್ ಕ್ಯಾತಿಟರ್ ಒಳಗೆ ಹೋಗಿ, ಮೂತ್ರ ಬರತೊಡಗಿದ ಮೇಲೆಯೂ ಇನ್ನಷ್ಟು ಮುಂದೆ ಸರಿಸಿ, ಆಮೇಲೆ ಮಾತ್ರ ಕೊಳವೆ ಜಾರದಂತೆ ಹಿಡಿಯುವ ತುದಿಯ ಬಲೂನಿಗೆ ನೀರು ತುಂಬುತ್ತಾರೆ. ಮೂತ್ರನಾಳದಲ್ಲಿಯೇ ಬಲೂನು ಉಬ್ಬಿದರೆ ರಕ್ತಸ್ರಾವವಾಗುತ್ತದೆ. ಚೀಲದಲ್ಲಿ 900 ಮಿಲಿಲೀಟರ್ ಕೂಡುತ್ತದೆ. ನಾಡಿ 88ಕ್ಕೆ ಇಳಿಯುತ್ತದೆ.

ಆದರೆ ಅಜ್ಜ ಕೂಡಲೇ ಕಣ್ತೆರೆದು "ದೇವರಂಗ ಬಂದಿ ಮಗಳ" ಎನ್ನುವಂತೆ ದಯವಿಟ್ಟು ಬರೆಯಬೇಡಿ. ನೋವು ನಿಮಿಷಗಳಲ್ಲಿ ಇಳಿದರೂ ಡೆಲಿರಿಯಂ ತಿಳಿಯಾಗಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ಅವರು ಅರ್ಧ ಗಂಟೆ ಮಲಗಿ, ಎದ್ದು, ಮತ್ತೆ ಒಡ್ಡಿನ ಬಗ್ಗೆ ಕೇಳುತ್ತಾರೆ, ಈ ಸಲ ಕೂಗದೆ. ಒಡ್ಡಿಗೂ ಮೂತ್ರಕೋಶಕ್ಕೂ ಇರುವ ಸಂಬಂಧವನ್ನು ಪಾತ್ರಗಳ ಬಾಯಲ್ಲಿ ಹೇಳಿಸಬೇಡಿ. ಓದುಗರಿಗೆ ಅದು ಗೊತ್ತಾಗುತ್ತದೆ. ಕೈ ಕಟ್ಟುವುದು ಬೇಡ, ಕಟ್ಟಿದರೆ ಒದ್ದಾಟ ಹೆಚ್ಚುತ್ತದೆ. ಕನ್ನಡಕ ಹಾಕಿಸಿ, ಒಂದು ದೀಪ ಉಳಿಸಿ, ಮಗನನ್ನು ಕೈಗೆಟಕುವಷ್ಟು ಹತ್ತಿರ ಕೂರಿಸುವುದು ಸಾಕು. ಆಮೇಲೆ ಅವಳು ಕೇಸ್ ಶೀಟಿನಲ್ಲಿ ಹೊತ್ತು, ಹೊರಬಂದ ಮೂತ್ರದ ಪ್ರಮಾಣ, ಮುಂದೆ ಫೆನಿರಮಿನ್ ಕೊಡಬಾರದೆಂಬ ಸೂಚನೆ ಬರೆದು, ಹತ್ತು ಸಲ ಕರೆದಿದ್ದ ಇನ್ನೊಂದು ವಾರ್ಡಿಗೆ ಹೋಗುತ್ತಾಳೆ.